ಅಮ್ಮನ ನೆಗೆಟಿವ್ ರಿಪೋರ್ಟೂ ಓದಲಾಗದ ಚೀಟಿಯೂ

ಅಮ್ಮನ ಎರಡನೇ ರಿಪೋರ್ಟ್ ಈಗಷ್ಟೇ ಕೈಗೆ ಬಂತು. ಹೊಟ್ಟೆಯಲ್ಲಿ ಬೀಡುಬಿಡುವ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ರೋಗಾಣು ಪಾಸಿಟಿವ್. ಎರಡು ತಿಂಗಳ ಹಿಂದೆ ಇದೇ ಮಲಪರೀಕ್ಷೆಯಲ್ಲಿ ನೆಗೆಟಿವ್ ಬಂದಿತ್ತು. ಸಿಟ್ಟು ತಡೆಯಲಾಗದೆ ಬರೆಯುತ್ತಿದ್ದೇನೆ.

ಕಾಸರಗೋಡಿನ ಬದಿಯಡ್ಕದ ನಮ್ಮ ಮನೆಗೆ ಬಂದವರಿಗೆಲ್ಲ ಅಮ್ಮನ ಎದೆಯುರಿ, ಹುಳಿತೇಗು ಗೊತ್ತು. ಮೂರು ವರ್ಷದಿಂದ ಬೆಳಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್ 40 ಎಂಬ ಗ್ಯಾಸಿನ ಗುಳಿಗೆ. ಮೊದಲ ಪರೀಕ್ಷೆಯ ದಿನವೂ ಅದನ್ನು ನುಂಗಿಯೇ ಹೋಗಿದ್ದರು. ಆ ಗುಳಿಗೆ ರೋಗಾಣುವನ್ನು ಕೊಲ್ಲುವುದಿಲ್ಲ, ಅದರ ಸಂಖ್ಯೆಯನ್ನು ತಗ್ಗಿಸುತ್ತದೆ. ಮಲದಲ್ಲಿ ಹುಡುಕುವುದು ರೋಗಾಣುವಿನ ಪ್ರೋಟೀನಿನ ಅಂಶವನ್ನು. ಅದು ತೀರಾ ಕಡಿಮೆಯಾದರೆ ಪರೀಕ್ಷೆಗೆ ಸಿಕ್ಕುವುದೇ ಇಲ್ಲ. ಉಸಿರಿನ ಪರೀಕ್ಷೆಯದೂ ಇದೇ ಪಾಡು: ನಾವು ನುಂಗಿದ ಯೂರಿಯಾವನ್ನು ರೋಗಾಣು ಒಡೆದಾಗ ಬರುವ ಇಂಗಾಲದ ಡೈಆಕ್ಸೈಡನ್ನು ಉಸಿರಲ್ಲಿ ಅಳೆಯುತ್ತಾರೆ. ಒಡೆಯುವ ಶಕ್ತಿಯೇ ಕುಗ್ಗಿದ್ದರೆ ಅಳೆಯಲು ಏನಿರುತ್ತದೆ? ಅದಕ್ಕೇ ಈ ಗುಳಿಗೆಯನ್ನು ಎರಡು ವಾರ, ಆಂಟಿಬಯೋಟಿಕನ್ನು ನಾಲ್ಕು ವಾರ ಮೊದಲೇ ನಿಲ್ಲಿಸಿರಬೇಕು.

ಇದನ್ನು ಯಾರೂ ಹೇಳಲಿಲ್ಲ. ಹೇಳಿದ್ದು ಒಂದು ಚೀಟಿ, ಅದೂ ಮಲಯಾಳದಲ್ಲಿ. ಮೊದಲ ಪರೀಕ್ಷೆಗೆ ಮಲ ತರಲು ಕೊಟ್ಟ ಡಬ್ಬಿಯ ಜತೆ ಬಂದದ್ದನ್ನು ಅಮ್ಮ ಮಡಚಿ ಚೀಲದಲ್ಲಿಟ್ಟಿದ್ದರು. ಆಮೇಲೆ ಒಂದು ದಿನ ಪಕ್ಕದ ಮನೆಯ ಹುಡುಗನಿಂದ ಓದಿಸಿದಾಗಲೇ ನನಗೆ ತಿಳಿದದ್ದು. ಇಷ್ಟು ವರ್ಷ ಇಲ್ಲಿದ್ದೂ ಮಲಯಾಳ ಓದಲು ಬಾರದೇ ಎಂದು ಕೇಳುವವರಿದ್ದಾರೆ. ಕನ್ನಡ ಶಾಲೆಯಲ್ಲೇ ಕಲಿತ ಅಮ್ಮನಿಗೆ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಅಷ್ಟಕ್ಕೂ "ಗ್ಯಾಸಿನ ಗುಳಿಗೆ ತಗೊಳ್ತೀರಾ?" ಎಂದು ಬಾಯಲ್ಲಿ ಕೇಳಲು ಯಾವ ಲಿಪಿ ಬೇಕು?

ಗುಳಿಗೆ ನಿಲ್ಲಿಸಿದರೆ ಉರಿ ತಡೆಯುವುದು ಹೇಗೆ ಎಂಬ ಮಾತು ಸುಳ್ಳಲ್ಲ. ಎರಡನೇ ಪರೀಕ್ಷೆಗೆಂದು ಗುಳಿಗೆ ನಿಲ್ಲಿಸಿದ ನಾಲ್ಕನೇ ದಿನ ರಾತ್ರಿ ಅಮ್ಮನಿಗೆ ನಿದ್ದೆಯೇ ಬರಲಿಲ್ಲ. "ಒಂದು ಗುಳಿಗೆ ಕೊಡು ಮಗಾ" ಎಂದು ಕೇಳಿದಾಗ ಕೊಡದೆ ಕೂತ ನನ್ನ ಸಂಕಟ ನನಗೇ ಗೊತ್ತು. ಆದರೆ ಡಾಕ್ಟರು ಮೊದಲೇ ಆಂಟಾಸಿಡ್ ಸಿರಪ್ ಬರೆದುಕೊಟ್ಟಿದ್ದರು, ಅದರಲ್ಲೇ ಹದಿನಾಲ್ಕು ದಿನ ಕಳೆದೆವು. ಹೊಟ್ಟೆಯಲ್ಲಿ ರಕ್ತಸ್ರಾವ ಆಗಿದ್ದವರು, ರಕ್ತ ತೆಳುವಾಗುವ ಮದ್ದಿನ ಜತೆ ಇದನ್ನು ತೆಗೆದುಕೊಳ್ಳುವವರು ಮಾತ್ರ ತಾವಾಗಿ ನಿಲ್ಲಿಸಬಾರದು, ಡಾಕ್ಟರನ್ನು ಕೇಳಿಯೇ ತೀರಬೇಕು.

ಗುಳಿಗೆ ನುಂಗುತ್ತಿರುವಾಗಲೂ ಪಾಸಿಟಿವ್ ಬಂದರೆ ಸಾಮಾನ್ಯವಾಗಿ ಅದನ್ನು ನಂಬಬಹುದು. ನಂಬಬಾರದ್ದು ನೆಗೆಟಿವನ್ನು. ಆ ನೆಗೆಟಿವ್ ನಂಬಿಯೇ ಎರಡು ತಿಂಗಳು ಅಮ್ಮನ ಉಪ್ಪಿನಕಾಯಿಯನ್ನೂ ಚಹಾವನ್ನೂ ದೂರಿದೆ. ಅದಕ್ಕೆ ನನ್ನ ಮೇಲೆಯೇ ನನಗೆ ಕೋಪ.

ನಾಳೆಯಿಂದ ಹದಿನಾಲ್ಕು ದಿನದ ಮದ್ದು. ಮುಗಿದು ನಾಲ್ಕು ವಾರವಾದರೂ ಆದ ಮೇಲೆ, ಕೊನೆಯ ಎರಡು ವಾರ ಗ್ಯಾಸಿನ ಗುಳಿಗೆಯಿಲ್ಲದೆ, ರೋಗಾಣು ಹೋಗಿದೆಯೇ ಎಂದು ಮತ್ತೆ ಪರೀಕ್ಷೆ. ರಕ್ತಪರೀಕ್ಷೆ ಇದಕ್ಕೆ ಆಗದು, ರೋಗಾಣು ಹೋದರೂ ಅದು ಬಹುಕಾಲ ಪಾಸಿಟಿವ್ ಎಂದೇ ತೋರಿಸಬಹುದು. ಇಷ್ಟನ್ನೂ ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಮ್ಮನ ಮದ್ದಿನ ಡಬ್ಬಿಗೆ ಅಂಟಿಸಿದ್ದೇನೆ.