ಟೆರೇಸಿನ ಶೀಟು, ಮೇಷ್ಟ್ರ ಬಾಡಿಗೆ

ಹೊಸಬರಿಗೆ ಬಾಡಿಗೆ ಹೇಳುವುದು ಸುಲಭ. ಮನೆ ತೋರಿಸಿ, ನೀರಿಗೇನೂ ತೊಂದರೆ ಇಲ್ಲ ಅಂತ ಒಂದು ಮಾತು ಸೇರಿಸಿ, ಮೊತ್ತ ಹೇಳಿದರೆ ಮುಗಿಯಿತು. ಏಳೆಂಟು ವರ್ಷದಿಂದ ಇರುವವರ ಹತ್ತಿರ ಬಾಡಿಗೆ ಜಾಸ್ತಿ ಕೇಳುವುದಿದೆಯಲ್ಲ, ಅದು ಮಡಿಕೇರಿಯ ಎಷ್ಟೋ ಓನರ್‌ಗಳಿಗೆ ತೋಟಕ್ಕೆ ನುಗ್ಗಿದ ಆನೆ ಓಡಿಸುವುದಕ್ಕಿಂತ ಕಷ್ಟ. ಆನೆಗಾದರೆ ಪಟಾಕಿ ಇದೆ. ಇವರೋ, ಓನರ್ ಮದುವೆಗೆಂದು ವಿರಾಜಪೇಟೆಗೆ ಹೋದಾಗ ನಾಯಿಗೆ ಅನ್ನ ಹಾಕಿದವರು.

ಹಾಗಾಗಿ ಮೂರು ವರ್ಷ ಯಾರೂ ಬಾಯಿ ಬಿಡುವುದಿಲ್ಲ. ನಾಲ್ಕನೇ ವರ್ಷ ಒಂದು ರಾತ್ರಿ ಹನ್ನೊಂದು ಗಂಟೆಗೆ ವಾಟ್ಸಾಪಿನಲ್ಲಿ ಬರುತ್ತದೆ: ‘ಬರುವ ತಿಂಗಳಿಂದ 11,000. ಎಲ್ಲಾ ಕಡೆ ರೇಟು ಜಾಸ್ತಿ ಆಗಿದೆ.’ ಇದರಲ್ಲಿ ಮೊತ್ತ, ಕಾರಣ, ತಾರೀಕು ಮೂರೂ ಇವೆ. ಮೂರೂ ತಪ್ಪು.

ಒಂದು ಲೆಕ್ಕ ಇಟ್ಟುಕೊಂಡೇ ನೋಡೋಣ. ಮೇಲೆ ಓನರ್, ನಿವೃತ್ತರು, ಎರಡೆಕರೆ ಕಾಫಿ ಇದೆ. ಕೆಳಗೆ ಎರಡು ರೂಮಿನ ಮನೆಯಲ್ಲಿ ಹೈಸ್ಕೂಲ್ ಮೇಷ್ಟ್ರು, ಗಣಿತದವರು. ಬಾಡಿಗೆ 8,000, ಕೊನೆಗೆ ಏರಿಸಿದ್ದು 2022ರ ಜನವರಿಯಲ್ಲಿ. ಹನ್ನೊಂದು ತಿಂಗಳ ಕರಾರು ಯಾವತ್ತೋ ಮುಗಿದಿದೆ. ಆ ಸ್ಟಾಂಪ್ ಪೇಪರ್ ಇಬ್ಬರ ಬೀರುವಿನಲ್ಲೂ ಬೂಸ್ಟು ಹಿಡಿದು ಕೂತಿದೆ. ಈ ವರ್ಷ ಓನರ್ ಒಂದೂವರೆ ಲಕ್ಷ ಖರ್ಚು ಮಾಡಿ ಟೆರೇಸ್ ಮೇಲೆ ಶೀಟ್ ಹಾಕಿಸಿದ್ದಾರೆ.

ಮೊದಲು ಮೊತ್ತ. 8,000ದಿಂದ 11,000 ಎಂದರೆ ಶೇಕಡಾ 37.5 ಏರಿಕೆ. ನಾಲ್ಕು ವರ್ಷ ಸುಮ್ಮನಿದ್ದೆನಲ್ಲ ಎನ್ನುವುದು ಓನರ್ ಸಮಾಧಾನ. ಆದರೆ ಸುಮ್ಮನಿರದೆ ವರ್ಷಕ್ಕೆ ಶೇಕಡಾ 5ರಂತೆ ಏರಿಸುತ್ತ ಬಂದಿದ್ದರೂ ಅದು 8,400, 8,820, 9,261 ಆಗಿ ಈಗ 9,724ಕ್ಕೆ ನಿಲ್ಲುತ್ತಿತ್ತು. 11,000 ಈ ದಾರಿಯಲ್ಲಿ ಎಲ್ಲೂ ಸಿಗುವುದಿಲ್ಲ. ಶೀಟಿನ ಖರ್ಚು ಸೇರಿಸಿದೆ ಎಂದರೋ, ಕೆಳಗಿರುವುದು ಗಣಿತದ ಮೇಷ್ಟ್ರು. ತಿಂಗಳಿಗೆ ಮೂರು ಸಾವಿರ ಎಂದರೆ ವರ್ಷಕ್ಕೆ 36,000. ನಾಲ್ಕು ವರ್ಷ ಎರಡು ತಿಂಗಳಿಗೆ ಒಂದೂವರೆ ಲಕ್ಷ ವಾಪಸ್. ‘ಆಮೇಲೆ ಇಳಿಸ್ತೀರಾ ಅಂಕಲ್?’ ಎಂದು ಅವರು ಕೇಳಿಯೇ ಕೇಳುತ್ತಾರೆ, ಅದೂ ಬಹಳ ವಿನಯದಿಂದ.

ಇನ್ನು ಕಾರಣ. ನೋಟಿಸ್ ಕೆಡುವುದು ಹೆಚ್ಚಾಗಿ ಇಲ್ಲೇ. ಕಾರಣ ಬರೆಯದಿದ್ದರೆ ದುರಾಸೆ ಅನ್ನಿಸುತ್ತದೆ, ಬರೆದರೆ ಪ್ರತಿಯೊಂದಕ್ಕೂ ಉತ್ತರ ಬರುತ್ತದೆ. ‘ಪಕ್ಕದವರು ಹೋಂಸ್ಟೇ ಮಾಡಿ ಒಂದು ರಾತ್ರಿಗೆ ಎರಡು ಸಾವಿರ ತಗೊಳ್ತಾರೆ’ ಎನ್ನುವುದು ಕೊಡಗಿನಲ್ಲಿ ಎಲ್ಲರ ಬಾಯಲ್ಲೂ ಇರುವ ಕಾರಣ, ಆದರೆ ತೀರಾ ಟೊಳ್ಳು. ಜುಲೈ ತಿಂಗಳಲ್ಲಿ ವಾರಗಟ್ಟಲೆ ಸೂರ್ಯ ಕಾಣದೆ ಹೋದಾಗ ಆ ರೂಮುಗಳಿಗೆ ಬೀಗ. ಮೇಷ್ಟ್ರ ಬಾಡಿಗೆ ಮಾತ್ರ ಐದನೇ ತಾರೀಕಿಗೆ ಬಂದಿರುತ್ತದೆ. ಹೋಂಸ್ಟೇಗೆ ಬಂದವರಿಗೆ ಬೆಳಿಗ್ಗೆ ಕಡುಬು, ಬಿಸಿನೀರು, ಒಗೆದ ಟವೆಲ್ ಎಲ್ಲ ಕೊಡಬೇಕು. ಮೇಷ್ಟ್ರು ತಮ್ಮ ಟವೆಲ್ ತಾವೇ ಒಗೆದುಕೊಳ್ಳುತ್ತಾರೆ. ‘ಕಾಫಿಗೆ ರೇಟಿಲ್ಲ’ ಎನ್ನುವ ಕಾರಣವನ್ನಂತೂ ಬರೆಯಲೇಬಾರದು. ರೇಟು ಬಂದ ವರ್ಷ ಬಾಡಿಗೆ ಇಳಿಸಿದವರನ್ನು ಜಿಲ್ಲೆಯಲ್ಲಿ ಹುಡುಕಬೇಕು.

ಶೀಟ್ ಮಾತ್ರ ಯೋಚಿಸಬೇಕಾದ ಕಾರಣ. ಮಡಿಕೇರಿಯ ಮಳೆಗೆ ಬರೀ ಟೆರೇಸ್ ತಡೆಯುವುದಿಲ್ಲ. ನೀರು ನಿಂತು ಸೀಳಿನಲ್ಲಿ ಇಳಿದು, ಕೆಳಗಿನ ಮನೆಯ ಗೋಡೆಯಲ್ಲಿ ಮೊದಲು ಹಳದಿ ಕಲೆ, ಆಮೇಲೆ ಕಪ್ಪು ಬೂಸ್ಟು, ಕೊನೆಗೆ ಸುಣ್ಣ ಉದುರುವುದು. ಹಾಗೆ ಸೋರುವುದನ್ನು ನಿಲ್ಲಿಸಲು ಹಾಕಿದ ಶೀಟು ರಿಪೇರಿ ಎನ್ನಿಸಿಕೊಳ್ಳುತ್ತದೆ. ಸೋರದ ಮನೆ ಅಂತ ಹೇಳಿಯೇ ಬಾಡಿಗೆಗೆ ಕೊಟ್ಟಿದ್ದಲ್ಲವೇ? ಅದಕ್ಕೆ ಜಾಸ್ತಿ ಕೇಳಿದರೆ, ಮೂರು ಮಳೆಗಾಲ ಬಕೆಟ್ ಇಟ್ಟುಕೊಂಡಿದ್ದಕ್ಕೆ ಕಡಿಮೆ ಮಾಡಿದ್ದು ಎಷ್ಟು ಎಂಬ ಪ್ರಶ್ನೆ ಬರುತ್ತದೆ.

ಅದೇ ಶೀಟಿನ ಕೆಳಗೆ ಮೇಷ್ಟ್ರ ಮನೆಯವರು ಬಟ್ಟೆ ಒಣಗಿಸಬಹುದು ಎಂದಾದರೆ ಮಾತೇ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಕೂಲ್ ಯೂನಿಫಾರಂ ಒಲೆಯ ಮೇಲೆ, ಕುರ್ಚಿಯ ಮೇಲೆ, ಇಸ್ತ್ರಿ ಪೆಟ್ಟಿಗೆಯ ಕೆಳಗೆ ಒಣಗಿಸಿದವರಿಗೆ ಗಾಳಿಯಾಡುವ ನಾಲ್ಕು ಹಗ್ಗದ ಬೆಲೆ ಗೊತ್ತು. ಅದು ಹೊಸ ಸೌಕರ್ಯ, ಅದಕ್ಕೆ ಕೇಳಬಹುದು. ಆದರೆ ನೋಟಿಸ್ ಕೈಯಲ್ಲಿ ಹಿಡಿದು ಮೇಷ್ಟ್ರು ಮೇಲೆ ಹತ್ತಿ ನೋಡಿದಾಗ ಅಲ್ಲಿ ಓನರ್ ಸೌದೆ, ಕಾಫಿ ಚೀಲ, ಮೆಣಸು ಹರಡುವ ಟಾರ್ಪಾಲು, ಹಳೇ ವಾಷಿಂಗ್ ಮೆಷಿನ್ ಎಲ್ಲ ತುಂಬಿದ್ದು ಹಗ್ಗಕ್ಕೆ ಜಾಗವೇ ಇಲ್ಲದಿದ್ದರೆ, ಕಾರಣ ಅಲ್ಲಿಗೆ ಬಿತ್ತು. ನೋಟಿಸ್ ಬರೆಯುವ ಮುಂಚೆ ಓನರ್ ಮಾಡಬೇಕಾದ ಮೊದಲ ಕೆಲಸ ಪೆನ್ನು ಹುಡುಕುವುದಲ್ಲ, ಟೆರೇಸಿನ ಅರ್ಧ ಖಾಲಿ ಮಾಡುವುದು.

ಅಷ್ಟು ಮಾಡಿ, ನಾಲ್ಕು ವರ್ಷದ ಶೇಕಡಾ 5ರ ಲೆಕ್ಕವನ್ನೇ ಹಿಡಿದು, ಹಳಬರೆಂದು ಸ್ವಲ್ಪ ಬಿಟ್ಟು 9,500 ಎಂದರೆ ಮೇಷ್ಟ್ರು ಹುಬ್ಬು ಗಂಟಿಕ್ಕುತ್ತಾರೆ, ಆದರೆ ಲೆಕ್ಕದಲ್ಲಿ ತಪ್ಪು ಸಿಗುವುದಿಲ್ಲ.

ತಾರೀಕಿನ ವಿಷಯ ಎಲ್ಲರೂ ಹಗುರವಾಗಿ ತೆಗೆದುಕೊಳ್ಳುವಂಥದ್ದು. ಜೂನ್‌ನಲ್ಲಿ ಶಾಲೆ ಫೀಸು, ಮಳೆ, ಮನೆಯೊಳಗೆ ತೇವ. ಆಗ ಕೊಟ್ಟ ನೋಟಿಸ್‌ಗೆ ಸೋರುವ ಜಾಗಗಳ ಪಟ್ಟಿಯೇ ಉತ್ತರವಾಗಿ ಬರುತ್ತದೆ. ಪುತ್ತರಿಯ ದಿನ ತಂಬಿಟ್ಟಿನ ಜೊತೆ ಲಕೋಟೆ ಕೊಡುವುದೂ ಬೇಡ, ತಂಬಿಟ್ಟು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಹಬ್ಬದ ಗಲಾಟೆ ಇಲ್ಲದ ದಿನ ಕೊಟ್ಟು, ಜಾರಿಯ ತಾರೀಕು ಜನವರಿ 1 ಎಂದು ಹಾಕುವುದು ರೂಢಿ. ಆದರೆ ನಮ್ಮ ಲೆಕ್ಕದಲ್ಲಿ ಜನವರಿ 1ಕ್ಕೆ ಒಂದು ತೊಡಕಿದೆ.

ಹಳೇ ತೆರಿಗೆ ಪದ್ಧತಿಯಲ್ಲೇ ಇದ್ದು ಸಂಬಳದ ಮನೆ ಬಾಡಿಗೆ ಭತ್ಯೆಗೆ ವಿನಾಯಿತಿ ಕೇಳುವವರು, ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಓನರ್‌ನ ಪ್ಯಾನ್ ನಂಬರ್ ಕೊಡಬೇಕು. 8,000ದ ಬಾಡಿಗೆಗೆ ವರ್ಷಕ್ಕೆ 96,000. ಇಷ್ಟು ದಿನ ಆ ಮಾತೇ ಬಂದಿರಲಿಲ್ಲ. ಜನವರಿ 1ರಿಂದ 9,500 ಮಾಡಿದರೆ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ 72,000, ಕೊನೆಯ ಮೂರು ತಿಂಗಳು 28,500, ಒಟ್ಟು 1,00,500. ಐನೂರು ರೂಪಾಯಿಗೆ ಗೆರೆ ದಾಟಿತು. ಸಂಬಳದ ಸೆಕ್ಷನ್‌ನವರು ಕಾಗದ ಕೇಳುವ ಹೊತ್ತಿಗೆ ಸರಿಯಾಗಿ ಮೇಷ್ಟ್ರು ಮೇಲೆ ಹತ್ತಿ ಬಂದು ‘ಅಂಕಲ್, ನಿಮ್ಮ ಪ್ಯಾನ್ ಕಾರ್ಡ್...’ ಎನ್ನುತ್ತಾರೆ, ಓನರ್‌ಗೆ ಇನ್‌ಕಂ ಟ್ಯಾಕ್ಸ್‌ನವರೇ ಗೇಟಿಗೆ ಬಂದಷ್ಟು ಗಾಬರಿ. ಫೆಬ್ರವರಿ 1 ಎಂದು ಹಾಕಿದರೆ 80,000 ಮತ್ತು 19,000 ಸೇರಿ 99,000. ಈ ವರ್ಷಕ್ಕೆ ಕೇಳುವ ಪ್ರಮೇಯವಿಲ್ಲ. ಮುಂದಿನ ವರ್ಷ ಹೇಗೂ 1,14,000, ಕೊಡಲೇಬೇಕು. ಹೆದರುವಂಥದ್ದು ಅದರಲ್ಲೇನೂ ಇಲ್ಲ. ಪ್ಯಾನ್ ಕೊಟ್ಟರೂ ಬಿಟ್ಟರೂ ಬಾಡಿಗೆ ಆದಾಯವೇ. ಮನೆ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇಕಡಾ 30 ರಿಪೇರಿ ಬಾಬ್ತು ಎಂದು ಯಾವ ಬಿಲ್ಲೂ ಇಲ್ಲದೆ ಕಳೆದೇ ಲೆಕ್ಕ ಹಾಕುತ್ತಾರೆ.

ಹೀಗೆ ಬರೆದರೆ ಸಾಕು:

‘ದಿನಾಂಕ 10 ಡಿಸೆಂಬರ್ 2025. ವಿಷಯ: ಮನೆ ಬಾಡಿಗೆ ಪರಿಷ್ಕರಣೆ. ನೀವು 2022ರ ಜನವರಿಯಿಂದ ಕೊಡುತ್ತಿರುವ ತಿಂಗಳ ಬಾಡಿಗೆ 8,000 ರೂಪಾಯಿಯನ್ನು 2026ರ ಫೆಬ್ರವರಿ 1ರಿಂದ 9,500 ರೂಪಾಯಿ ಮಾಡಬೇಕೆಂದಿದ್ದೇನೆ. ನಾಲ್ಕು ವರ್ಷದಿಂದ ಬಾಡಿಗೆ ಏರಿಸಿಲ್ಲ. ಈ ವರ್ಷ ಹಾಕಿಸಿದ ಶೀಟಿನ ಅಡಿ ಮೆಟ್ಟಿಲ ಕಡೆಯ ಅರ್ಧ ಜಾಗ ನಿಮ್ಮ ಉಪಯೋಗಕ್ಕಿದೆ. ಜನವರಿ ಬಾಡಿಗೆ ಹಿಂದಿನಂತೆ 8,000. ಮುಂಗಡದಲ್ಲಿ ಬದಲಾವಣೆ ಇಲ್ಲ, ನೀರಿನ ಬಿಲ್ಲು ಹಿಂದಿನಂತೆ ಬೇರೆ. 2027ರ ಫೆಬ್ರವರಿಗೆ ಮುಂಚೆ ಮತ್ತೆ ಏರಿಸುವುದಿಲ್ಲ. ಒಪ್ಪಿಗೆಯಾದರೆ ಡಿಸೆಂಬರ್ 31ರೊಳಗೆ ಎರಡನೇ ಪ್ರತಿಗೆ ಸಹಿ ಹಾಕಿ ಕೊಡಿ, ಆಕ್ಷೇಪವಿದ್ದರೆ ಅಷ್ಟರೊಳಗೆ ತಿಳಿಸಿ.’

ಮುಂಗಡದ ಸಾಲು ಸಣ್ಣದು, ಆದರೆ ಬಿಡಬಾರದು. ಬಿಟ್ಟರೆ ಹತ್ತು ತಿಂಗಳ ಬಾಡಿಗೆಯಷ್ಟು ಮುಂಗಡ ಅಂತ ಮೊದಲು ಮಾತಾಗಿತ್ತಲ್ಲ, ಈಗ ಹದಿನೈದು ಸಾವಿರ ಸೇರಿಸಬೇಕೋ ಎಂಬ ಚರ್ಚೆ ಮೆಟ್ಟಿಲ ಮೇಲೆ ಶುರುವಾಗುತ್ತದೆ.

‘ಮಾಡಬೇಕೆಂದಿದ್ದೇನೆ’ ಎಂದು ಬರೆದದ್ದು ಬರೀ ಮರ್ಯಾದೆಗಲ್ಲ. ಕರ್ನಾಟಕದ 1999ರ ಬಾಡಿಗೆ ಕಾಯ್ದೆ ತಿಂಗಳಿಗೆ 3,500 ದಾಟಿದ ಮನೆಗಳ ತಂಟೆಗೆ ಬರುವುದಿಲ್ಲ. ಈ ಮನೆಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅವಧಿ ಮುಗಿದ ಮೇಲೂ ಬಾಡಿಗೆ ಕೊಡುತ್ತ, ತೆಗೆದುಕೊಳ್ಳುತ್ತ ಇದ್ದರೆ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ. ಅದನ್ನು ಮುಗಿಸಲು 15 ದಿನದ ಲಿಖಿತ ನೋಟಿಸ್ ಸಾಕು, ದಿನ ಎಣಿಸುವುದು ನೋಟಿಸ್ ಕೈಸೇರಿದ ದಿನದಿಂದ. ಆದರೆ ಒಬ್ಬರೇ ಬರೆದ ಕಾಗದದಿಂದ ಬಾಡಿಗೆ ಏರುವುದಿಲ್ಲ. ಅದು ಕೇಳಿಕೆ, ಇನ್ನೊಬ್ಬರು ಒಪ್ಪಬೇಕು. ‘ಒಪ್ಪದಿದ್ದರೆ ಖಾಲಿ ಮಾಡಿ’ ಎಂಬುದನ್ನು ಇದೇ ಕಾಗದದಲ್ಲಿ ಸೇರಿಸಿದರೆ ಮೇಷ್ಟ್ರಿಗೆ ಅದೊಂದೇ ಸಾಲು ಕಾಣುತ್ತದೆ. ನಾಯಿಗೆ ಅನ್ನ ಹಾಕುವವರಿಲ್ಲ.

ಮೇಷ್ಟ್ರು ಸಹಿ ಹಾಕಿದರು ಎನ್ನಿ. ಆಮೇಲೂ ಒಂದು ಎಡವಟ್ಟು ಉಳಿದಿದೆ. ಅವರ ಫೋನಿನಲ್ಲಿ ಪ್ರತಿ ತಿಂಗಳು 5ಕ್ಕೆ ತಾನಾಗಿ 8,000 ಹೋಗುವಂತೆ ಹಾಕಿಟ್ಟಿರುತ್ತಾರೆ, ಫೆಬ್ರವರಿಯಲ್ಲೂ ಅಷ್ಟೇ ಬರುತ್ತದೆ. ಓನರ್ ಸಂಕೋಚದಿಂದ ಸುಮ್ಮನಿದ್ದು, ಮಾರ್ಚ್, ಏಪ್ರಿಲ್ ಹಾಗೇ ಕಳೆದರೆ ಹಳೇ ಬಾಡಿಗೆಯನ್ನೇ ಒಪ್ಪಿಕೊಂಡಂತೆ ಕಾಣುತ್ತದೆ. ಹಣ ಬಂದ ದಿನವೇ ಉತ್ತರ ಹಾಕಿಬಿಡುವುದು ಒಳ್ಳೆಯದು: ‘ಮೇಷ್ಟ್ರೇ, ಫೆಬ್ರವರಿ ಬಾಡಿಗೆಯಲ್ಲಿ 8,000 ಬಂತು, ಬಾಕಿ 1,500.’ ರಾತ್ರಿ ಹನ್ನೊಂದಕ್ಕಲ್ಲ, ಬೆಳಿಗ್ಗೆ.