ಕೈ ಎತ್ತಿ ಅಂದ್ರೆ ಯಾರು ಎತ್ತುತ್ತಾರೆ?

ಹೋದ ಸಲ ಊರಿಗೆ ಬಂದಾಗ ಮಾವನ ಜೊತೆ ಚಿಕ್ಕಮಗಳೂರಿನಲ್ಲಿ ಕಾಫಿ ಬೆಳೆಗಾರರ ಸಭೆಗೆ ಹೋಗಿದ್ದೆ. ಭಾಷಣಕಾರರು ನಡುವೆ ನಿಲ್ಲಿಸಿ, "ಕಾಂಡಕೊರಕ ಬಿದ್ದ ಗಿಡ ಯಾರ್ಯಾರು ಇನ್ನೂ ಕೀಳಿಸಿಲ್ಲ? ಕೈ ಎತ್ತಿ" ಅಂದರು. ಒಂದು ಕೈಯೂ ಏಳಲಿಲ್ಲ. "ಗುಡ್, ಎಲ್ರೂ ಮಾಡಿದ್ದೀರಿ" ಅಂತ ಮುಂದಿನ ಸ್ಲೈಡಿಗೆ ಹೋದರು. ಮಾವ ಕೀಳಿಸಿರಲಿಲ್ಲ. ಕೇಳಿದರೆ, "ಸುಮ್ನಿರೋ, ಪಕ್ಕದ ತೋಟದೋರು ಹಿಂದೇನೇ ಕೂತವ್ರೆ" ಅಂದರು.

ಪುಣೆಯಲ್ಲಿ ರೈತರ ಸಭೆಗಳಿಗೆ ಮಾತು ಬರೆದುಕೊಡುವುದೇ ನನ್ನ ಕೆಲಸ. ಅಲ್ಲಿ ಪ್ರಶ್ನೆಯನ್ನೂ ಪದಪದವಾಗಿ ಬರೆದಿಡುತ್ತೇವೆ. ಈ ಸಭೆಗೆ ಬರೆದಿದ್ದರೆ ಮೊದಲು "ಅರೇಬಿಕಾ ಇರೋರು ಕೈ ಎತ್ತಿ" ಅಂತಿರುತ್ತಿತ್ತು. ಅದಕ್ಕೆ ಯಾರಿಗೂ ನಾಚಿಕೆ ಇಲ್ಲ, ಕೈ ಸಡಿಲವಾಗುತ್ತೆ. ಆಮೇಲೆ "ಕಾಂಡದ ಮೇಲೆ ಏಣು ಎದ್ದ ಗಿಡ ಈ ವರ್ಷ ಕಣ್ಣಿಗೆ ಬಿದ್ದೋರು?" ಆ ಏಣು ಒಳಗೆ ಕಾಂಡಕೊರಕ ಹುಳ ಇರುವ ಗುರುತು. ಆದರೆ ನೋಡಿದ್ದೀರಾ ಅಂತ ಕೇಳಿದರೆ ತಪ್ಪು ಒಪ್ಪಿಕೊಂಡ ಹಾಗಾಗಲ್ಲ, ಅಲ್ವಾ? ಪಕ್ಕದಲ್ಲಿ ಆವರಣ ಹಾಕಿ "ನಿಮ್ಮ ಕೈ ಮೊದಲು ಎತ್ತಿ, ಐದು ಎಣಿಸಿ" ಅಂತ ಬರೆದಿರುತ್ತೇವೆ. ಆ ಐದು ಎಣಿಸುವ ಹೊತ್ತಿಗೆ ಮಾತಾಡುವವರಿಗೆ ಬೆವರು ಬರುತ್ತೆ, ನಿಜ. ಆದರೆ ಜನ ಕೈ ಎತ್ತುವ ಮುಂಚೆ ಅಕ್ಕಪಕ್ಕ ನೋಡುತ್ತಾರೆ, ಅದಕ್ಕೆ ಅಷ್ಟು ಹೊತ್ತು ಬೇಕು. ಕೊನೆಗೆ "ಸುಮಾರು ಅರ್ಧ ಜನ" ಅಂತ ಜೋರಾಗಿ ಹೇಳಬೇಕು. ಮುಂದಿನ ಸಾಲಿನವರಿಗೆ ಹಿಂದಿನ ಕೈ ಕಾಣಲ್ಲ.

ಎಲ್ಲಕ್ಕಿಂತ ಮುಖ್ಯ, ಹಾಳೆಯಲ್ಲಿ ಎರಡು ದಾರಿ ಇರಬೇಕು. ಜಾಸ್ತಿ ಕೈ ಎದ್ದರೆ ಕಾಂಡಕೊರಕದ ದುಂಬಿ ಹೊರಬಂದು ಹಾರುವ ಕಾಲಕ್ಕೆ ಮೊದಲು ಗಿಡ ಕಿತ್ತು ಸುಡುವ ಮಾತು. ಕಮ್ಮಿ ಎದ್ದರೆ ಏಣು ಹೇಗಿರುತ್ತೆ ಅಂತ ಕೊರೆದ ಕಾಂಡವನ್ನೇ ಕೈಗೆ ಕೊಟ್ಟು ತೋರಿಸುವುದು. ಉತ್ತರ ಏನೇ ಬಂದರೂ ಅದೇ ಸ್ಲೈಡು ಅಂದರೆ ಕೇಳುವುದು ಯಾಕೆ? ನಮ್ಮೂರಲ್ಲಿ ಇದನ್ನು ಹೇಳಿದರೆ "ಪುಣೆಯೋನು ಬಂದ" ಅಂತ ನಗುತ್ತಾರೆ.

ಮೊಬೈಲಿನಲ್ಲಿ ಓಟು ಹಾಕಿಸಿದರೆ ಹೆಸರು ಕಾಣಲ್ಲ, ಮಾವನೂ ನಿಜ ಒತ್ತುತ್ತಿದ್ದರು. ಆದರೆ ಸಭಾಂಗಣದಲ್ಲಿ ಸಿಗ್ನಲ್ ಇರಬೇಕು, ಕನ್ನಡಕ ಹುಡುಕಬೇಕು. ಅಷ್ಟರಲ್ಲಿ ಮಾತು ಆರಿಹೋಗುತ್ತೆ. ಕಣ್ಣು ಮುಚ್ಚಿಸಿ ಕೈ ಎತ್ತಿಸುವುದೇ ಸುಲಭ.

ಒಂದು ಮಾತು ಮಾತ್ರ ಒಪ್ಪಲೇಬೇಕು. ಪುಣೆಯಲ್ಲಿ ನಾವು ಬರೆದುಕೊಟ್ಟ ಘೋಷಣೆ ಎಷ್ಟೋ ಸಲ ಬಿದ್ದುಹೋಗಿದೆ. "ಕೇಳಿಸ್ತಿಲ್ಲ, ಇನ್ನೂ ಜೋರಾಗಿ" ಅಂತ ಮೂರು ಸಲ ಕೂಗಿದರೂ ಕುರ್ಚಿಗಳು ಅಲ್ಲಾಡಲ್ಲ. ಬೇಲೂರಿನ ತೇರಿನಲ್ಲಿ ಒಬ್ಬರು "ಗೋವಿಂದಾ" ಅಂದರೆ ಸಾಕು, ಬೀದಿಯೇ ತಿರುಗಿ ಕೂಗುತ್ತೆ. ಅಲ್ಲಿ ಉತ್ತರ ಎಲ್ಲರಿಗೂ ಮೊದಲೇ ಬಾಯಿಪಾಠ, ಅದೂ ಒಂದೇ ಪದ. ನಮ್ಮದು ಏಳು ಪದದ ಘೋಷಣೆ, ಸ್ಥಳದಲ್ಲೇ ಕಲಿಸುತ್ತೇವೆ. ಈಗ ಎರಡು ಪದಕ್ಕೆ ಇಳಿಸಿದ್ದೇನೆ. ಆದರೂ ತೇರಿನ ಹಾಗೆ ಬರಲ್ಲ ಬಿಡಿ.