ಅಕ್ಕನ ಮಗನ ಹಾಜರಿಗೆ ಸಹಿ ಹಾಕೋರು ಯಾರು?

ಪರಿಚಯದವರನ್ನು ಕೆಲಸಕ್ಕೆ ಸೇರಿಸಿದವರಿಗೆ ಕಂಪನಿಗಳು ದುಡ್ಡು ಕೊಡುತ್ತವೆ. ರೆಫರಲ್ ಬೋನಸ್ ಅಂತಾರೆ. ನಾನಿರುವ ಪುಣೆಯ ಕಡೆ, ಚಾಕಣದ ಬಿಡಿಭಾಗಗಳ ಕಾರ್ಖಾನೆಗಳಲ್ಲಿ ಇದಕ್ಕೆ ಬರೆದಿಟ್ಟ ನಿಯಮ ಇರುತ್ತದೆ. ನಮ್ಮ ಬೆಳಗಾವಿಯ ಉದ್ಯಮಬಾಗದಲ್ಲಿ ಇದು ಬಹುತೇಕ ಬಾಯಿಮಾತಿನ ವ್ಯವಹಾರ. "ಹುಡುಗ ಛಲೋ ಅದಾನ್ರಿ, ನಮ್ಮವನ" ಅಂದರೆ ಮುಗೀತು, ಮರುದಿನ ಹುಡುಗ ಗೇಟಿನಲ್ಲಿ ನಿಂತಿರುತ್ತಾನೆ. ಈಗೀಗ ಅಲ್ಲಿಯ ಸಣ್ಣ ಮಾಲೀಕರೂ ಒಂದು ಪುಟದ ನಿಯಮ ಬರೆದು ನೋಟಿಸ್ ಬೋರ್ಡಿಗೆ ಹಚ್ಚುತ್ತಿದ್ದಾರೆ. ಒಳ್ಳೆಯದೇ. ಆದರೆ ದೊಡ್ಡ ಕಂಪನಿಯ ಕಾಗದವನ್ನು ಹಾಗೇ ಇಳಿಸಿಕೊಂಡರೆ ನಮ್ಮೂರಿನಲ್ಲಿ ಅದು ಎಲ್ಲಿ ಕೈಕೊಡುತ್ತದೆ ಅನ್ನೋದನ್ನು ಹೇಳಬೇಕಿದೆ. ನಾನು ನೇಮಕಾತಿ ವಿಭಾಗದಲ್ಲೇ ಕೆಲಸ ಮಾಡುವವನು. ಎರಡೂ ಕಡೆಯ ರೀತಿ ನೋಡಿದ್ದೇನೆ.

ನಮ್ಮ ದೊಡ್ಡಪ್ಪನ ಮಗ, ನನಗೆ ಅಣ್ಣ, ಉದ್ಯಮಬಾಗದ ಒಂದು ಮಷಿನ್ ಶಾಪಿನಲ್ಲಿ ಸುಪರ್‌ವೈಸರ್. ಫೌಂಡ್ರಿಯಿಂದ ಬರುವ ಎರಕದ ತುಂಡುಗಳನ್ನು ಸಿಎನ್‌ಸಿ ಮಷಿನ್ ಮೇಲೆ ಕೊರೆದು, ಅಳತೆಗೆ ತಂದು ಕೊಡುವ ಸಣ್ಣ ಕಾರ್ಖಾನೆ. ಎರಡು ಪಾಳಿ, ಪಾಳಿಗೊಬ್ಬ ಸುಪರ್‌ವೈಸರ್. ಒಬ್ಬ ಆಪರೇಟರ್ ಬೇಕಾಗಿತ್ತು. ಅಣ್ಣ ತನ್ನ ಅಕ್ಕನ ಮಗನ ಹೆಸರು ಕೊಟ್ಟ. ಹುಡುಗ ಗೋಕಾಕದ ಕಡೆಯವನು, ಐಟಿಐ ಟರ್ನರ್ ಮುಗಿಸಿದವನು. ನೋಟಿಸ್ ಬೋರ್ಡಿನ ನಿಯಮದ ಪ್ರಕಾರ ಇನಾಮು ಆರು ಸಾವಿರ ರೂಪಾಯಿ. ಹುಡುಗ 90 ದಿನ ಮುಗಿಸಿದರೆ ಮೂರು ಸಾವಿರ, 180 ದಿನ ಮುಗಿಸಿದರೆ ಉಳಿದ ಮೂರು ಸಾವಿರ.

ಇಲ್ಲಿಯವರೆಗೆ ಎಲ್ಲ ಸರಿಯಾಗಿಯೇ ನಡೆಯಿತು. ನಿಯಮದಲ್ಲಿ "ಸಂಬಂಧಿಕರನ್ನು ಸೂಚಿಸಿದವರು ಪರೀಕ್ಷೆಯಲ್ಲಿ ಇರಬಾರದು" ಅಂತ ಇತ್ತು. ಆ ದಿನ ಅಣ್ಣ ಶಾಪ್‌ನಿಂದ ಹೊರಗೇ ಉಳಿದ. ಇನ್ನೊಂದು ಪಾಳಿಯ ಸುಪರ್‌ವೈಸರ್ ಹುಡುಗನಿಗೆ ಟೂಲ್ ಕಟ್ಟಿಸಿ, ಆಫ್‌ಸೆಟ್ ಹಾಕಿಸಿ, ಒಂದು ತುಂಡು ಕೊರೆಸಿ ಮೈಕ್ರೋಮೀಟರ್ ಹಿಡಿಸಿ ನೋಡಿದ. ಪಾಸಾದ. ಜುಲೈ 1ಕ್ಕೆ ಸೇರಿದ. ಸೆಪ್ಟೆಂಬರ್ 28ಕ್ಕೆ 90 ದಿನ ಮುಗಿದವು, ಮೊದಲ ಕಂತು ಅಣ್ಣನ ಸಂಬಳದ ಜೊತೆ ಬಂತು.

ತೊಂದರೆ ಶುರುವಾಗಿದ್ದು ನವೆಂಬರ್‌ನಲ್ಲಿ. ಕಬ್ಬಿನ ಕಟಾವು ಬಂತು, ಮನೆಯಲ್ಲಿ ಆಳಿಲ್ಲ ಅಂತ ಹುಡುಗ ಊರಿಗೆ ಹೋದ. ಹನ್ನೆರಡು ದಿನ ಬರಲಿಲ್ಲ. ರಜೆ ಕೇಳಿರಲಿಲ್ಲ. ಅವನಿದ್ದದ್ದು ಅಣ್ಣನ ಪಾಳಿಯಲ್ಲೇ. ಹಾಜರಿ ಪುಸ್ತಕಕ್ಕೆ ಸಹಿ ಹಾಕುವವನೂ ಅಣ್ಣನೇ. ಡಿಸೆಂಬರ್ 27ಕ್ಕೆ 180 ದಿನ. ಅಣ್ಣ ಫೋನ್ ಮಾಡಿದ.

"ತಮ್ಮಾ, ಗೈರಹಾಜರಿ ಅಂತ ಬರದ್ರ ಅಕ್ಕ ಮಾತು ಬಿಡ್ತಾಳ. ಬರೀಲಿಲ್ಲಂದ್ರ ಮಾಲಕರಿಗೆ ಮೋಸ ಮಾಡಿದಂಗ. ಮ್ಯಾಲ ಆ ಮೂರು ಸಾವಿರ ಬ್ಯಾರೆ. ನಾ ಏನ್ ಬರದ್ರೂ ರೊಕ್ಕಕ್ಕ ಬರದಾನ ಅಂತಾರ."

ಅಣ್ಣ ಪ್ರಾಮಾಣಿಕ. ಗೈರಹಾಜರಿ ಅಂತಲೇ ಬರೆದ. ಆದರೆ ಅವನನ್ನು ಆ ಇಕ್ಕಟ್ಟಿಗೆ ತಂದು ನಿಲ್ಲಿಸಿದ್ದು ನಿಯಮದ ಕಾಗದ. ನನ್ನ ಮಾತು ಇರುವುದು ಇಲ್ಲೇ. ನಿಯಮ ಬರೆಯುವವರು ಹಿತಾಸಕ್ತಿಯ ಘರ್ಷಣೆ ಅಂದರೆ ಸಂದರ್ಶನದ ದಿನದ ಮಾತು ಅಂದುಕೊಳ್ಳುತ್ತಾರೆ. ಸಂಬಂಧಿಕ ಆ ಕೋಣೆಯಲ್ಲಿ ಇರದಿದ್ದರೆ ಆಯಿತು, ಎಲ್ಲ ಚೊಕ್ಕ. ಇನಾಮು ಯಾವಾಗ ಕೊಡಬೇಕು ಅನ್ನೋದನ್ನು ಬೇರೆ ಕಡೆ, ಬೇರೆಯದೇ ವಿಷಯ ಅನ್ನೋ ಹಾಗೆ ಬರೆಯುತ್ತಾರೆ. ಆದರೆ ದುಡ್ಡನ್ನು ಆರು ತಿಂಗಳು ಮುಂದಕ್ಕೆ ಹಾಕಿದ ಕ್ಷಣವೇ ಆ ಘರ್ಷಣೆಯನ್ನೂ ಆರು ತಿಂಗಳು ಹಿಗ್ಗಿಸಿದ ಹಾಗೆ ಆಯಿತಲ್ವಾ? ಹಾಜರಿ ಬರೆಯುವುದು, ಹಾಳಾದ ತುಂಡಿನ ಲೆಕ್ಕ ಬರೆಯುವುದು, ಖಾಯಂ ಮಾಡಲು ಶಿಫಾರಸು ಕೊಡುವುದು, ಇವೆಲ್ಲ ನಡೆಯುವುದು ಆ ಆರು ತಿಂಗಳಲ್ಲೇ. ಹುಡುಗ ಉಳಿದರೆ ತನಗೆ ದುಡ್ಡು ಬರುವ ಮನುಷ್ಯನೇ ಇವನ್ನೆಲ್ಲ ಬರೆಯಬಾರದು.

ದುಡ್ಡನ್ನು ಸೇರಿದ ದಿನವೇ ಕೊಟ್ಟುಬಿಟ್ಟರೆ? ಆಗ ಇನ್ನೊಂದು ಕಾಟ. ಯಾರನ್ನಾದರೂ ಕರೆತಂದು ನಿಲ್ಲಿಸಿ, ದುಡ್ಡು ತಗೊಂಡು, ಹುಡುಗ ತಿಂಗಳಿಗೇ ಬಿಟ್ಟು ಹೋದರೂ ಕೇಳುವವರಿಲ್ಲ. ಹಾಗಾಗಿ ಎರಡು ಕಂತು ಸರಿಯಾದ ಪದ್ಧತಿಯೇ. ಅದನ್ನು ಬಿಡಬೇಡಿ. ಸಹಿ ಹಾಕುವ ಕೈ ಬದಲಾಗಬೇಕು, ಅಷ್ಟೇ.

ಪುಣೆಯ ಕಡೆ ಇದಕ್ಕೆ ಇರುವ ದಾರಿ ಸುಲಭ. ಸಂಬಂಧಿಕರು ಒಬ್ಬರ ಕೈಕೆಳಗೆ ಒಬ್ಬರು ಕೆಲಸ ಮಾಡಬಾರದು, ನೇರವಾಗಿಯೂ ಅಲ್ಲ, ಒಬ್ಬರನ್ನು ದಾಟಿಯೂ ಅಲ್ಲ. ನೂರಾರು ಜನ ಇರುವ ಕಾರ್ಖಾನೆಯಲ್ಲಿ ಬೇರೆ ಲೈನಿಗೆ ಹಾಕಿದರೆ ಮುಗಿಯಿತು. ಆದರೆ ನಲವತ್ತು ಜನರ ಶಾಪಿನಲ್ಲಿ ಎಲ್ಲಿಗೆ ಹಾಕುತ್ತೀರಿ? ಅಣ್ಣನ ಮಾಲೀಕರು ಕೊನೆಗೆ ಹುಡುಗನನ್ನು ಇನ್ನೊಂದು ಪಾಳಿಗೆ ಬದಲಿಸಿದರು. ಈ ಕೆಲಸ ಜುಲೈ 1ಕ್ಕೇ ಆಗಬೇಕಿತ್ತು. ಪಾಳಿ ಬದಲಿಸಲು ಆಗದಿದ್ದರೆ ನಾನು ಹೇಳುವುದು ಇಷ್ಟು: ನೆಂಟನಿಗೆ ಕೆಲಸ ಕೊಡಿ, ಇನಾಮು ಕೊಡಬೇಡಿ. ತನ್ನ ಕೈಕೆಳಗೆ ಕೆಲಸ ಮಾಡುವವನನ್ನು ಸೂಚಿಸಿದ ಸುಪರ್‌ವೈಸರ್‌ಗೆ ಬಿಡಿಗಾಸೂ ಬರಬಾರದು. ದುಡ್ಡು ಇಲ್ಲ ಅಂದರೆ ಅರ್ಧ ಅನುಮಾನ ಅಲ್ಲೇ ಕಳೆಯುತ್ತದೆ.

ಇನ್ನು, ನೆಂಟ ಅಂದರೆ ಯಾರು? ದೊಡ್ಡ ಕಂಪನಿಗಳ ಎಷ್ಟೋ ನಿಯಮಗಳು ಕಂಪನಿ ಕಾಯ್ದೆ 2013ರ ಪಟ್ಟಿಯನ್ನೇ ಎತ್ತಿಕೊಂಡಿರುತ್ತವೆ. ಅವಿಭಕ್ತ ಕುಟುಂಬದವರು, ಗಂಡ ಹೆಂಡತಿ, ತಂದೆ ತಾಯಿ, ಮಗ ಸೊಸೆ, ಮಗಳು ಅಳಿಯ, ಅಣ್ಣತಮ್ಮ, ಅಕ್ಕತಂಗಿ. ಅಷ್ಟಕ್ಕೆ ನಿಲ್ಲುತ್ತದೆ. ಆ ಪಟ್ಟಿ ಮಾಡಿದ್ದು ಬೇರೆ ಉದ್ದೇಶಕ್ಕೆ. ನಿರ್ದೇಶಕರು ತಮ್ಮವರ ಜೊತೆ ಮಾಡುವ ವ್ಯವಹಾರದಂಥ ಸಂಗತಿಗಳಿಗೆ. ಅದರಲ್ಲಿ ಅಕ್ಕನ ಮಗ ಇಲ್ಲ. ಭಾವ ಇಲ್ಲ, ಮೈದುನ ಇಲ್ಲ, ಬೀಗರು ಇಲ್ಲ. ನಮ್ಮ ಕಡೆ ಸಂಬಂಧದ ಭಾರ ಇರುವುದೇ ಇವರ ಮೇಲೆ. ಅಕ್ಕನ ಮಗ ಅಂದರೆ ನಾಳೆ ಮಗಳನ್ನು ಕೊಟ್ಟು ಅಳಿಯ ಮಾಡಿಕೊಳ್ಳಬಹುದಾದ ಹುಡುಗ. ಅವನಿಗಿಂತ ಹತ್ತಿರದ ಹಿತಾಸಕ್ತಿ ಇನ್ನೇನು ಬೇಕು? ಆ ಪಟ್ಟಿ ಹಿಡಿದು ಹೋದರೆ ಅಣ್ಣ ಏನೂ ತಿಳಿಸಬೇಕಾಗಿರಲಿಲ್ಲ. ಅವನೇ ಹೇಳಿದ್ದರಿಂದ ಗೊತ್ತಾಯಿತು.

ಹಾಗಂತ ಪಟ್ಟಿಯನ್ನು ಉದ್ದ ಮಾಡುತ್ತಾ ಹೋದರೂ ಪ್ರಯೋಜನ ಇಲ್ಲ. ನಮ್ಮಲ್ಲಿ ಹುಡುಕಿದರೆ ಎಲ್ಲರೂ ನೆಂಟರೇ. ಸೂಚಿಸುವ ಫಾರ್ಮಿನಲ್ಲಿ ಒಂದು ಪ್ರಶ್ನೆ ಇಡಿ: ಈ ಹುಡುಗ ನಿಮಗೆ ಹೇಗೆ ಗೊತ್ತು, ಏನಾಗಬೇಕು, ಇವನ ಕೆಲಸವನ್ನು ನೀವೇ ನೋಡಿದ್ದೀರಾ? ಹುಡುಗ ಸೇರುವ ದಿನ ಅವನನ್ನೂ ಬೇರೆಯಾಗಿ ಕೇಳಿ: ಈ ಕೆಲಸದ ಸುದ್ದಿ ಯಾರು ಹೇಳಿದರು, ಅವರು ನಿನಗೆ ಏನಾಗಬೇಕು, ಯಾರಿಗಾದರೂ ದುಡ್ಡು ಕೊಟ್ಟೆಯಾ? ಎರಡು ಉತ್ತರ ಪಕ್ಕಪಕ್ಕ ಇಟ್ಟು ನೋಡಿ. ಸುಪರ್‌ವೈಸರ್ ತನ್ನ ನೆಂಟನನ್ನು ಗೆಳೆಯನ ಹೆಸರಿನಲ್ಲಿ ಸೂಚಿಸಿ ಇನಾಮು ಹಂಚಿಕೊಳ್ಳುವುದು ಎಲ್ಲ ಕಡೆ ನಡೆಯುವ ಆಟ. ಅದು ಸಿಕ್ಕಿಬೀಳುವುದು ಹೀಗೆ. ಸಂಬಂಧ ಇದ್ದರೆ ತಪ್ಪಲ್ಲ, ಮುಚ್ಚಿಟ್ಟರೆ ತಪ್ಪು ಅಂತ ಕಾಗದದಲ್ಲೇ ಇರಲಿ. ಹುಡುಗನಿಂದ ದುಡ್ಡು ತಗೊಂಡರೆ ಅದು ಶಿಸ್ತು ಕ್ರಮದ ಮಾತು, ಬರೀ ಇನಾಮು ನಿಲ್ಲಿಸಿ ಬಿಡುವಂಥದ್ದಲ್ಲ.

"ಹೇಗೆ ಗೊತ್ತು" ಅನ್ನೋ ಪ್ರಶ್ನೆಯನ್ನು ನಾನು ಕಲಿತದ್ದು ಬೆಳಗಾವಿಯಿಂದಲೇ. ಪುಣೆಯ ದೊಡ್ಡ ಆಫೀಸುಗಳಲ್ಲಿ ಜನ ಮುಖ ನೋಡದವರ ಬಯೋಡಾಟಾವನ್ನೂ ಪೋರ್ಟಲ್‌ಗೆ ಹಾಕುತ್ತಾರೆ. ಸಿಕ್ಕರೆ ಬೋನಸ್, ಇಲ್ಲದಿದ್ದರೆ ಇಲ್ಲ. ಉದ್ಯಮಬಾಗದಲ್ಲಿ ಹಾಗಲ್ಲ. ಹುಡುಗ ಎರಡು ದಿನ ಬರದಿದ್ದರೆ ಮಾಲೀಕರು ಕರೆತಂದವನನ್ನೇ ಕೇಳುತ್ತಾರೆ, ಅವನು ಊರಿಗೆ ಫೋನ್ ಮಾಡುತ್ತಾನೆ. ಈ ಹೊಣೆ ಯಾವ ಪೋರ್ಟಲ್‌ನಲ್ಲೂ ಸಿಗದು. ಇದನ್ನು ಉಳಿಸಿಕೊಳ್ಳಲೇಬೇಕು. ಜೊತೆಗೆ ಇದರ ಬೆಲೆಯೂ ಗೊತ್ತಿರಲಿ: ಒಂದೇ ಊರಿನ ಹುಡುಗರೇ ಒಂದು ಪಾಳಿಯಲ್ಲಿ ತುಂಬಿದರೆ, ಊರ ಜಾತ್ರೆಯ ದಿನ ಆ ಪಾಳಿಯೇ ಖಾಲಿ.

ಅರ್ಹತೆಯ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ. ಮಾಲೀಕರ ಮನೆಯವರು, ನೇಮಕಾತಿ ನೋಡುವವರು, ಆ ಹುದ್ದೆಗೆ ಆಯ್ಕೆ ಮಾಡುವವರು ಇವರಿಗೆ ಇನಾಮು ಇಲ್ಲ. ಅದು ಅವರ ಕೆಲಸವೇ. ಇಬ್ಬರು ಒಬ್ಬನ ಹೆಸರನ್ನೇ ಕೊಟ್ಟರೆ ಮೊದಲು ಬರೆದುಕೊಟ್ಟವರಿಗೆ ಸಲ್ಲುತ್ತದೆ. ಹೆಸರು ಕೊಟ್ಟದ್ದು ಸಂದರ್ಶನದ ಮೊದಲೇ ಇರಬೇಕು.

ಒಂದು ಗಂಟು ಮಾತ್ರ ನಮ್ಮ ಕಡೆಯದ್ದೇ. ಹೆಚ್ಚಿನ ಹುಡುಗರು ಮೊದಲು ಗುತ್ತಿಗೆದಾರನ ಹೆಸರಿನಲ್ಲಿ ಸೇರುತ್ತಾರೆ, ಆಮೇಲೆ ಕಂಪನಿಯ ಹಾಜರಿಗೆ ಬರುತ್ತಾರೆ. 90 ದಿನವನ್ನು ಎಲ್ಲಿಂದ ಎಣಿಸಬೇಕು? ಬರೆದಿಲ್ಲದಿದ್ದರೆ ಸೂಚಿಸಿದವನು ಗೇಟಿಗೆ ಬಂದ ದಿನದಿಂದ ಎಣಿಸುತ್ತಾನೆ, ಆಫೀಸಿನವರು ಖಾಯಂ ಆದ ದಿನದಿಂದ. ಅಲ್ಲಿಂದ ಶುರು ಜಗಳ. ಹುಡುಗ ಯಾರ ಹೆಸರಿನಲ್ಲಿ ಇದ್ದರೂ ಮಷಿನ್ ಮುಂದೆ ನಿಂತ ಮೊದಲ ದಿನದಿಂದಲೇ ಎಣಿಸಬೇಕು ಅನ್ನೋದು ನನ್ನ ಪಕ್ಷ. ಕರೆತಂದವನು ತನ್ನ ಪಾಲಿನ ಕೆಲಸ ಅಂದೇ ಮುಗಿಸಿರುತ್ತಾನೆ. ಖಾಯಂ ಪತ್ರ ಯಾವಾಗ ಬರುತ್ತದೆ ಅನ್ನೋದು ಅವನ ಕೈಯಲ್ಲಿಲ್ಲ.

ಎಣಿಸುವಾಗ ಸಂಬಳವಿಲ್ಲದ ಗೈರುಹಾಜರಿ ಬಿಟ್ಟು ಎಣಿಸಬೇಕು, ಅದೂ ಬರವಣಿಗೆಯಲ್ಲಿ ಇರಲಿ. ಅಣ್ಣನ ಲೆಕ್ಕದಲ್ಲಿ ಆ ಹನ್ನೆರಡು ದಿನ ಸೇರಿ ಡಿಸೆಂಬರ್ 27 ಇದ್ದದ್ದು ಜನವರಿ 8 ಆಯಿತು. ಜನವರಿ ಸಂಬಳದ ಚೀಟಿಯಲ್ಲಿ ಮೂರು ಸಾವಿರ ಬೇರೆ ಸಾಲಿನಲ್ಲಿ ಬಂತು. ಹಾಗೆ ಬರಬೇಕಾದ್ದೇ. ಇನಾಮು ಸಂಬಳದ ಭಾಗ, ಆದಾಯ ತೆರಿಗೆಯ ಲೆಕ್ಕಕ್ಕೂ ಬರುತ್ತದೆ. ಲಕೋಟೆಯಲ್ಲಿ ನಗದು ಕೊಡುವ ರೂಢಿ ನಿಲ್ಲಬೇಕು. ಆ ತಿಂಗಳ ಹಾಜರಿಗೆ ಸಹಿ ಹಾಕಿದ್ದು ಇನ್ನೊಂದು ಪಾಳಿಯ ಸುಪರ್‌ವೈಸರ್. ಮಾಲೀಕರು ನೋಟಿಸ್ ಬೋರ್ಡಿನ ಕಾಗದಕ್ಕೆ ಒಂದು ಸಾಲು ಸೇರಿಸಿದ್ದಾರೆ: ಸೂಚಿಸಿದವರು ಎರಡನೇ ಕಂತು ಬರುವವರೆಗೆ ಆ ಕೆಲಸಗಾರನ ಹಾಜರಿಗಾಗಲಿ, ಖಾಯಂ ಶಿಫಾರಸಿಗಾಗಲಿ ಸಹಿ ಹಾಕುವಂತಿಲ್ಲ.